ವಿಪಿಎನ್ ಕಂಪನಿಯ ‘ನೋ ಲಾಗ್ಸ್’ ಮಾತನ್ನು ಪರೀಕ್ಷಿಸುವುದು ಹೇಗೆ?

"ಪುಣೆಯಲ್ಲಿ ಪಿಜಿಯಲ್ಲಿದ್ದೇನೆ, ವೈಫೈ ಎಲ್ಲರಿಗೂ ಒಂದೇ. ವಿಪಿಎನ್ ಕೊಳ್ಳಬೇಕು. ಎಲ್ಲರೂ ‘ನೋ ಲಾಗ್ಸ್, ಆಡಿಟ್ ಆಗಿದೆ’ ಅಂತಾರೆ. ಯಾರನ್ನು ನಂಬಲಿ?"

‘ನೋ ಲಾಗ್ಸ್’ ಅಂದರೆ ನೀವು ನೆಟ್‌ನಲ್ಲಿ ಏನು ಮಾಡಿದಿರಿ ಅನ್ನೋ ದಾಖಲೆ ಇಡುವುದಿಲ್ಲ ಎಂಬ ಮಾತು. ಅದನ್ನು ಹೊರಗಿನವರು ಪರೀಕ್ಷಿಸಿ ಬರೆದ ಆಡಿಟ್ ವರದಿಯನ್ನೇ ತೆರೆದು ಓದಿ. ನಾನು ಮುಂಬೈ ಪಕ್ಕದ ಥಾಣೆ ಊರಿನಲ್ಲಿದ್ದಾಗ ಒಂದು ಕಂಪನಿಗೆ ಎರಡು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ದೆ. ಆಮೇಲೆ ವರದಿ ನೋಡಿದರೆ, ಪರೀಕ್ಷೆ ಆಗಿದ್ದು ಬ್ರೌಸರ್ ಎಕ್ಸ್‌ಟೆನ್ಶನ್‌ಗೆ ಮಾತ್ರ. ಸರ್ವರ್‌ಗಳನ್ನು ಯಾರೂ ಮುಟ್ಟಿರಲಿಲ್ಲ! ಹಾಗಾಗಿ ಮೊದಲ ಪುಟಗಳಲ್ಲಿರುವ Scope ಅನ್ನೋ ಭಾಗ ನೋಡಿ. ಓಡುತ್ತಿರುವ ಸರ್ವರ್‌ಗಳ ಸೆಟ್ಟಿಂಗ್ ನೋಡಿದ್ದಾರಾ, ಸಿಬ್ಬಂದಿಯನ್ನು ವಿಚಾರಿಸಿದ್ದಾರಾ ಅಂತ ಅಲ್ಲಿರುತ್ತದೆ. ತಾರೀಕೂ ನೋಡಿ. ಆಡಿಟ್ ಹೇಳುವುದು ಆ ಕೆಲವು ದಿನಗಳ ಸ್ಥಿತಿ ಮಾತ್ರ, ಅದಕ್ಕೇ ವರ್ಷ ವರ್ಷ ಮಾಡಿಸುವವರು ಮೇಲು. ವರದಿಯನ್ನು ಪೂರ್ತಿ ತೋರಿಸದೆ ಸುಮ್ನೆ ಆಡಿಟರ್ ಲೋಗೋ ಹಾಕಿಕೊಂಡವರನ್ನು ನಾನು ಬಿಟ್ಟುಬಿಡುತ್ತೇನೆ.

ಆಡಿಟ್‌ಗಿಂತ ಗಟ್ಟಿ ಸಾಕ್ಷಿ ಪೊಲೀಸರು ಬಾಗಿಲು ತಟ್ಟಿದಾಗ ಸಿಗುತ್ತದೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ವಾರಂಟ್ ಹಿಡಿದು ಮುಲ್ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಹೋದರು. ಗ್ರಾಹಕರ ಮಾಹಿತಿ ಇಟ್ಟೇ ಇಲ್ಲ ಎಂದು ಕಂಪನಿ ತೋರಿಸಿಕೊಟ್ಟಿತು, ಅವರು ಬರಿಗೈಲಿ ಹಿಂತಿರುಗಿದರು.

ಇನ್ನು ದೇಶದ ವಿಷಯ. ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ, ಐಪಿಯನ್ನು 5 ವರ್ಷ ಇಡಬೇಕು. ಆಗ ನಾರ್ಡ್‌ವಿಪಿಎನ್, ಎಕ್ಸ್‌ಪ್ರೆಸ್‌ವಿಪಿಎನ್‌ನಂಥ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ತೆಗೆದರು. ಹಾಗಾಗಿ ಕಂಪನಿಯ ಸರ್ವರ್ ಪಟ್ಟಿಯಲ್ಲಿ ‘ಮುಂಬೈ’ ಕಂಡರೆ ಆ ಮಷೀನ್ ನಿಜಕ್ಕೂ ಎಲ್ಲಿದೆ ಅಂತ ಕೇಳಿ. ಕೆಲವರದ್ದು ಸಿಂಗಾಪುರದಲ್ಲಿರುತ್ತದೆ, ಐಪಿ ಮಾತ್ರ ಭಾರತದ್ದು. ನಿಜವಾಗಿಯೂ ಮುಂಬೈಯಲ್ಲೇ ಇದೆ, ಲಾಗ್ಸ್ ಮಾತ್ರ ಇಲ್ಲ ಅಂದರೆ, ಈ ನಿಯಮಕ್ಕೆ ಏನು ಮಾಡುತ್ತೀರಿ ಅಂತ ಬರೆದು ಕೇಳಿ. ಸರಿಯಾದ ಉತ್ತರ ಬರುವವರೆಗೆ ಒಂದು ತಿಂಗಳಿಗಿಂತ ಜಾಸ್ತಿ ದುಡ್ಡು ಕಟ್ಟಬೇಡಿ.