ಶಾಲೆಯಲ್ಲಿ ಒಂದು ಆತ್ಮಹತ್ಯೆಯ ನಂತರ: ಮಕ್ಕಳಿಗೆ ಏನು ಹೇಳಿದೆವು, ಯಾರ ಮೇಲೆ ಕಣ್ಣಿಟ್ಟೆವು

ಭಾನುವಾರ ಸಂಜೆ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು. ಒಂಬತ್ತನೇ ತರಗತಿಯ ಹುಡುಗನೊಬ್ಬ ಹಿಂದಿನ ರಾತ್ರಿ ಆತ್ಮಹತ್ಯೆ ಮಾಡಿಕೊಂಡಿದ್ದ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) "ಬೆಳಿಗ್ಗೆ ಅಸೆಂಬ್ಲಿಯಲ್ಲಿ ಎಲ್ಲರಿಗೂ ಹೇಳಿ, ಫೋಟೋ ಇಟ್ಟು ಮೌನ ಆಚರಿಸಿ, ಆಮೇಲೆ ರಜೆ ಕೊಡೋಣ ಅಂತಿದ್ದೀನಿ. ಸರಿ ಅಲ್ವಾ ಸರ್?"

ಬೇಡ ಮೇಡಂ ಅಂದೆ. ನೂರಾರು ಮಕ್ಕಳು ಒಟ್ಟಿಗೆ ನಿಂತಾಗ ಯಾರು ಕುಸಿಯುತ್ತಿದ್ದಾರೆ ಎಂದು ಕಾಣುವುದಿಲ್ಲ. ರಜೆ ಕೊಟ್ಟರೆ ಮಕ್ಕಳು ಮನೆಯಲ್ಲಿ ಒಬ್ಬರೇ ಫೋನ್ ಹಿಡಿದು ಕೂರುತ್ತಾರೆ, ಆ ದಿನ ಅವರು ದೊಡ್ಡವರ ಕಣ್ಣೆದುರು ಇರುವುದೇ ಒಳ್ಳೆಯದು. ಒಬ್ಬರ ಆತ್ಮಹತ್ಯೆ ಆಗಲೇ ಒದ್ದಾಡುತ್ತಿರುವ ಇನ್ನೊಬ್ಬರಿಗೆ ಇದೂ ಒಂದು ದಾರಿ ಅನ್ನಿಸುವಂತೆ ಮಾಡಬಹುದು, ಹದಿಹರೆಯದಲ್ಲಿ ಈ ಅಪಾಯ ದೊಡ್ಡವರಿಗಿಂತ ಜಾಸ್ತಿ. ಹಾಗಾಗಿ ಹೇಳುವ ರೀತಿಯೇ ಇಲ್ಲಿ ಅರ್ಧ ಕೆಲಸ.

ಮೊದಲ ತೊಡಕು ಹುಡುಗನ ತಂದೆಯಿಂದ ಬಂತು. ಮೇಡಂ ಮತ್ತು ಕ್ಲಾಸ್ ಟೀಚರ್ ಮನೆಗೆ ಹೋದಾಗ ಅವರು "ಹೃದಯಾಘಾತ ಅಂತ ಹೇಳಿಬಿಡಿ" ಎಂದು ಬೇಡಿಕೊಂಡರು. ಆದರೆ ವಾಟ್ಸಾಪ್‌ನಲ್ಲಿ ಅಷ್ಟರಲ್ಲೇ ಸುದ್ದಿ ಓಡಾಡುತ್ತಿತ್ತು. ಶಾಲೆ ಸುಳ್ಳು ಹೇಳಿದರೆ ನಾಳೆ ನಿಜವಾಗಿ ಕಷ್ಟದಲ್ಲಿರುವ ಮಗು ಟೀಚರ್ ಹತ್ತಿರ ಬಂದು ಬಾಯಿ ಬಿಡುವುದಿಲ್ಲ. ಅಪ್ಪನ ಮಾತು ಮೀರುವುದೂ ಸರಿಯಲ್ಲ. ಕೊನೆಗೆ ಹೀಗೆ ಬರೆದೆವು: "ನಿಮ್ಮ ಗೆಳೆಯ ಶನಿವಾರ ರಾತ್ರಿ ತೀರಿಕೊಂಡ. ಕಾರಣ ಹೇಳಬಾರದೆಂದು ಮನೆಯವರು ಕೇಳಿಕೊಂಡಿದ್ದಾರೆ. ಆತ್ಮಹತ್ಯೆ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು, ಹಾಗಾಗಿ ಆ ವಿಷಯವನ್ನೇ ಸ್ವಲ್ಪ ಮಾತಾಡೋಣ." ತಂದೆಗೆ ಓದಿ ಹೇಳಿದೆವು, ಒಪ್ಪಿದರು.

ಸೋಮವಾರ ಮಕ್ಕಳು ಬರುವ ಮೊದಲೇ ಶಿಕ್ಷಕರಿಗೆ ತಿಳಿಸಿ, ಮೊದಲ ಪಿರಿಯಡ್‌ನಲ್ಲಿ ಎಲ್ಲ ತರಗತಿಗಳಲ್ಲೂ ಒಂದೇ ಹೊತ್ತಿಗೆ ಇದೇ ಮಾತು ಓದಿಸಿದೆವು. ಅವನ ಕ್ಲಾಸ್ ಟೀಚರ್‌ಗೆ ಧ್ವನಿಯೇ ಬರುತ್ತಿರಲಿಲ್ಲ, ಬೇರೆಯವರು ಓದಿದರು. ಹೇಗೆ ಸತ್ತ, ಎಲ್ಲಿ ಸತ್ತ ಎಂಬ ಪ್ರಶ್ನೆ ಬಂದೇ ಬರುತ್ತದೆ. ಆ ವಿವರಕ್ಕೆ ಇಳಿಯಲೇಬಾರದು ಎಂದು ಶಿಕ್ಷಕರಿಗೆ ಮೊದಲೇ ಹೇಳಿದ್ದೆ. "ಮಾರ್ಕ್ಸ್ ಕಡಿಮೆ ಬಂತಂತೆ, ಅದಕ್ಕೇ" ಎನ್ನುವುದನ್ನೂ ಅಲ್ಲೇ ತಡೆಯಬೇಕು. ಸುಮ್ನೆ ಆಡಿದ ಮಾತು ಅನ್ನಿಸುತ್ತದೆ, ಆದರೆ ಅಷ್ಟೇ ಮಾರ್ಕ್ಸ್ ಬಂದ ಇನ್ನೊಬ್ಬ ಅದೇ ತರಗತಿಯಲ್ಲಿ ಕೂತು ಕೇಳುತ್ತಿರುತ್ತಾನೆ. ಒಂದೇ ಕಾರಣದಿಂದ ಯಾರೂ ಸಾಯುವುದಿಲ್ಲ, ಹಲವು ನೋವು ಒಟ್ಟಿಗೆ ಸೇರಿರುತ್ತವೆ, ಅವಕ್ಕೆ ಚಿಕಿತ್ಸೆಯೂ ಇದೆ ಎಂದು ಹೇಳಿಸಿದೆ.

ಆಮೇಲೆ ಕಣ್ಣಿಡಬೇಕಾದ ಮಕ್ಕಳ ಹೆಸರುಗಳ ಪಟ್ಟಿ ಮಾಡಿದೆವು. ಆಪ್ತ ಗೆಳೆಯರನ್ನು ಎಲ್ಲರೂ ನೆನೆಯುತ್ತಾರೆ. ಅವನೊಂದಿಗೆ ಕೊನೆಗೆ ಜಗಳವಾಡಿದ ಹುಡುಗನನ್ನು ಯಾರೂ ನೆನೆಯಲಿಲ್ಲ, ನಾನೇ ಕೇಳಿದೆ. ಇವರಲ್ಲದೆ ಸತ್ತವನ ಪರಿಚಯವೇ ಇಲ್ಲದಿದ್ದರೂ ಮೊದಲೇ ನೋವು ಹೊತ್ತಿರುವ ಮಕ್ಕಳಿರುತ್ತಾರೆ. ನಮ್ಮ ಕೈ ತಪ್ಪುವುದು ಹೆಚ್ಚಾಗಿ ಇಂಥವರೇ.

ಇಲ್ಲೂ ಹಾಗೇ ಆಗುವುದರಲ್ಲಿತ್ತು. ಎಂಟನೇ ತರಗತಿಯ ಒಬ್ಬ ಹುಡುಗಿ ಅವನೊಂದಿಗೆ ಮಾತೇ ಆಡಿದವಳಲ್ಲ. ಹಿಂದಿನ ವರ್ಷ ಅವಳ ಅಣ್ಣ ತೀರಿಕೊಂಡಿದ್ದ. ಅವಳು ಟೀಚರ್ ಹತ್ತಿರ ಮತ್ತೆ ಮತ್ತೆ ಬಂದು "ಅವನಿಗೆ ಈಗ ನೋವಿಲ್ಲ ಅಲ್ವಾ ಮಿಸ್?" ಎಂದು ಕೇಳುತ್ತಿದ್ದಳು. ಟೀಚರ್ ನನಗೆ ಹೇಳಿದರು. ಅವಳನ್ನು ಕೂರಿಸಿಕೊಂಡು ನೇರವಾಗಿಯೇ ಕೇಳಿದೆ: "ಸಾಯಬೇಕು ಅಂತ ನಿನಗೂ ಅನ್ನಿಸ್ತಿದೆಯಾ?" ಹೌದು ಅಂದಳು. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಶಿಕ್ಷಕರು ಹೆದರುತ್ತಾರೆ, ಆದರೆ ಅಧ್ಯಯನಗಳಲ್ಲಿ ಹಾಗೇನೂ ಕಂಡುಬಂದಿಲ್ಲ. ಅವಳನ್ನು ಒಂಟಿಯಾಗಿ ಬಿಡದೆ ಅಪ್ಪ ಅಮ್ಮನನ್ನು ಕರೆಸಿದೆವು. ಅಪಾಯವಾಗಬಹುದಾದ ವಸ್ತುಗಳನ್ನು ಮನೆಯಲ್ಲಿ ಅವಳ ಕೈಗೆ ಸಿಗದಂತೆ ಇಡಲು ಹೇಳಿ, ಅಂದೇ ಮನೋವೈದ್ಯರ ಬಳಿ ಕಳಿಸಿದೆವು.

ಮಕ್ಕಳು ಸ್ಮಾರಕ ಬೇಕು ಎಂದು ಹಠ ಹಿಡಿದರು. ಹಿಂದೆ ಅಪಘಾತದಲ್ಲಿ ತೀರಿಕೊಂಡ ವಿದ್ಯಾರ್ಥಿನಿಗೆ ಏನು ಮಾಡಿದ್ದೀರೋ ಅಷ್ಟೇ ಮಾಡಿ, ಹೆಚ್ಚೂ ಬೇಡ, ಕಡಿಮೆಯೂ ಬೇಡ ಅಂದೆ. ಹೆಚ್ಚಾದರೆ ಸಾವಿಗೆ ಮೆರುಗು ಬರುತ್ತದೆ, ಏನೂ ಮಾಡದಿದ್ದರೆ ಅವನ ಮನೆಯವರಿಗೆ ಅವಮಾನ. ಅವನ ಜಾಗ ಕೆಲವು ದಿನ ಹಾಗೇ ಇತ್ತು. ಆಮೇಲೆ ಮಕ್ಕಳಿಗೆ ಮೊದಲೇ ತಿಳಿಸಿ ಇಡೀ ತರಗತಿಯ ಕೂರುವ ಜಾಗ ಬದಲಿಸಿದರು.

ಪಟ್ಟಿಯನ್ನು ಮಾತ್ರ ಎಸೆಯಬೇಡಿ ಎಂದಿದ್ದೆ. ಅವನ ಹುಟ್ಟುಹಬ್ಬ, ಪರೀಕ್ಷೆಯ ಫಲಿತಾಂಶ, ವರ್ಷ ತುಂಬುವ ದಿನ, ಇವೆಲ್ಲ ಮೇಡಂ ಅವರ ಕ್ಯಾಲೆಂಡರ್‌ನಲ್ಲಿವೆ. ಪ್ರತಿಯೊಂದಕ್ಕೂ ವಾರ ಮೊದಲು ಪಟ್ಟಿಯಲ್ಲಿರುವ ಒಬ್ಬೊಬ್ಬರನ್ನೂ ಕರೆದು ಮಾತಾಡಿಸುತ್ತಾರೆ.