ಡೆಮೊ ಡೆಕ್ ಇದೆ, ಫೋನಿನಲ್ಲಿ ಏನು ಮಾತಾಡೋದು?

ಪ್ರಶ್ನೆ: ನಮ್ಮದು ಮೆಡಿಕಲ್ ಶಾಪ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್. 18 ಸ್ಲೈಡಿನ ಡೆಮೊ ಡೆಕ್ ಇದೆ. ಅದನ್ನೇ ಇಟ್ಟುಕೊಂಡು ಫೋನ್ ಕಾಲ್‌ಗೆ ಸ್ಕ್ರಿಪ್ಟ್ ಬರೆಯೋದು ಹೇಗೆ? ಅಂಗಡಿಯವರು ಏನೇನು ತಕರಾರು ತೆಗೀತಾರೆ, ಅದಕ್ಕೆ ಏನು ಹೇಳ್ಬೇಕು?

ಉತ್ತರ: ನಾನು ಇದೇ ತರಹದ ಸಾಫ್ಟ್‌ವೇರನ್ನು ಆರು ವರ್ಷ ದಾವಣಗೆರೆ, ಹಾವೇರಿ ಕಡೆಯ ಅಂಗಡಿಗಳಿಗೆ ಫೋನಿನಲ್ಲಿ ಮಾರಿದ್ದೇನೆ. ಮೊದಲ ಎರಡು ತಿಂಗಳು ಸ್ಲೈಡ್‌ಗಳನ್ನೇ ವರಸೆಯಾಗಿ ಓದಿದೆ. ಮೂರನೇ ಸ್ಲೈಡ್ ಮುಗಿಯೋ ಹೊತ್ತಿಗೆ ಆ ಕಡೆಯಿಂದ "ಹೂಂ, ಹೂಂ" ಮಾತ್ರ ಬರುತ್ತಿತ್ತು. ಆಮೇಲೆ "ಗಿರಾಕಿ ಬಂದ್ರು, ಇಡ್ತೀನಿ".

ಡೆಕ್ ಬರೆದಿರೋದು ಪರದೆ ನೋಡುತ್ತಾ ಕೂತವರಿಗೆ. ಅದರಲ್ಲಿ ನಾವು ಏನು ಮಾಡಿದ್ದೇವೆ ಅನ್ನೋದು ಮೊದಲು ಬರುತ್ತದೆ. ಫೋನ್ ಎತ್ತಿದವರಿಗೆ ಪರದೆಯೂ ಇಲ್ಲ, ಪುರುಸೊತ್ತೂ ಇಲ್ಲ. ಅವರಿಗೆ ತಮ್ಮ ಅಂಗಡಿಯ ತೊಂದರೆ ಮೊದಲು ಕೇಳಿಸಬೇಕು.

ಹಾಗಾಗಿ 18 ಸ್ಲೈಡನ್ನೂ ಪ್ರಿಂಟ್ ತೆಗೆದು ಮೇಜಿನ ಮೇಲೆ ಹರಡಿಕೊಳ್ಳಿ. ಒಂದೊಂದರ ಕೆಳಗೂ ಬರೆಯಿರಿ: ಇದು ಇಲ್ಲದಿದ್ದರೆ ಅಂಗಡಿಯಲ್ಲಿ ಯಾರಿಗೆ, ಯಾವತ್ತು, ಏನು ಕಷ್ಟ? ಉತ್ತರ ಹೊಳೆಯದ ಸ್ಲೈಡನ್ನು ಪಕ್ಕಕ್ಕಿಡಿ. ಕಂಪನಿಯ ಪರಿಚಯ, ಪ್ರಶಸ್ತಿ, ಮುಂದಿನ ವರ್ಷ ಬರಲಿರುವ ಫೀಚರ್ ಎಲ್ಲಾ ಅಲ್ಲೇ ಹೋಗುತ್ತವೆ. ನನ್ನ ಡೆಕ್‌ನಲ್ಲಿ ಕೊನೆಗೆ ಉಳಿದದ್ದು ನಾಲ್ಕು: ಎಕ್ಸ್‌ಪೈರಿ, ಎಚ್1 ರಿಜಿಸ್ಟರ್, ಜಿಎಸ್‌ಟಿ, ಹಳೆ ಸ್ಟಾಕಿನ ಲೆಕ್ಕ ಹೊಸ ಸಾಫ್ಟ್‌ವೇರ್‌ಗೆ ತರೋದು. ಒಂದು ಕಾಲ್‌ನಲ್ಲಿ ಇವುಗಳಲ್ಲಿ ಎರಡಕ್ಕಿಂತ ಜಾಸ್ತಿ ಎತ್ತಬೇಡಿ.

ಎಕ್ಸ್‌ಪೈರಿ ಸ್ಲೈಡನ್ನೇ ನೋಡೋಣ. ಡೆಕ್‌ನಲ್ಲಿ "90, 60, 30 ದಿನ ಮೊದಲೇ ಸ್ಮಾರ್ಟ್ ಅಲರ್ಟ್" ಅಂತ ಇತ್ತು. ಕಿವಿಗೆ ಇದು ಏನನ್ನೂ ಹೇಳುವುದಿಲ್ಲ. ಅಂಗಡಿಯಲ್ಲಿ ಆಗೋದೇನು? ಅವಧಿ ಮುಗಿದ ಮಾಲನ್ನು ಸ್ಟಾಕಿಸ್ಟ್‌ಗೆ ವಾಪಸ್ ಕಳಿಸಿ ಕ್ರೆಡಿಟ್ ನೋಟ್ ತಗೋತಾರೆ. ಅದಕ್ಕೆ ಒಂದೊಂದು ಕಂಪನಿಯದು ಒಂದೊಂದು ಗಡುವು. ರ‍್ಯಾಕಿನ ಹಿಂದೆ ಸೇರಿಕೊಂಡ ಎರಡು ಸ್ಟ್ರಿಪ್ ಗಡುವು ದಾಟಿದ ಮೇಲೆ ಸಿಕ್ಕರೆ ಆ ದುಡ್ಡು ಹೋಯ್ತು. ಸ್ಕ್ರಿಪ್ಟ್‌ಗೆ ಬರಬೇಕಾದ್ದು ಇದು, ಅದೂ ಪ್ರಶ್ನೆಯಾಗಿ. ನಾನು ಹೀಗೆ ಬರೆದುಕೊಂಡಿದ್ದೆ:

"ಸರ್, ನಮಸ್ಕಾರ. ಮೆಡಿಕಲ್ ಶಾಪ್ ಬಿಲ್ಲಿಂಗ್ ಸಾಫ್ಟ್‌ವೇರ್ ಬಗ್ಗೆ ಕಾಲ್ ಮಾಡಿದ್ದು. ಎರಡು ನಿಮಿಷ ಮಾತಾಡಬಹುದಾ? ಎಕ್ಸ್‌ಪೈರಿ ಮಾಲು ವಾಪಸ್ ಕಳಿಸೋಕೆ ರ‍್ಯಾಕ್ ಪೂರ್ತಿ ಹುಡುಕ್ತೀರಾ, ಇಲ್ಲ ಪಟ್ಟಿ ಸಿಗುತ್ತಾ?"

ಇಲ್ಲಿ ಸುಮ್ಮನಾಗಬೇಕು. ಸ್ಕ್ರಿಪ್ಟ್‌ನಲ್ಲೇ "ನಿಲ್ಲಿಸು" ಅಂತ ಬರೆದಿಡಿ. "ಹುಡುಗರು ಹುಡುಕ್ತಾರೆ" ಅಂದರೆ ಮುಂದಿನ ಪ್ರಶ್ನೆ: "ಕಳೆದ ಸಲ ಸ್ಟಾಕಿಸ್ಟ್ ವಾಪಸ್ ತಗೊಳ್ಳದೆ ನಿಮ್ಮಲ್ಲೇ ಉಳಿದದ್ದು ಎಷ್ಟಿರಬಹುದು ಸರ್?" ಒಬ್ಬರು "ಮೂರು ತಿಂಗಳಿಗೆ ಒಂದು ನಾಲ್ಕು ಸಾವಿರ ಹೋಗುತ್ತೆ ಬಿಡಿ" ಅಂದರು. ಆ ನಾಲ್ಕು ಸಾವಿರವನ್ನು ಅವರ ಬಾಯಿಂದ ಬಂದ ಹಾಗೇ ಬರೆದುಕೊಂಡೆ. ಕಾಲ್‌ನ ಮುಕ್ಕಾಲು ಕೆಲಸ ಆ ಒಂದು ಅಂಕಿಯಿಂದ ಆಯ್ತು. ಹೇಗೆ ಅಂತ ಕೊನೆಗೆ ಹೇಳ್ತೀನಿ.

ಇನ್ನು ತಕರಾರುಗಳು. ಇವನ್ನು ಊಹೆಯಿಂದ ಬರೆಯಬೇಡಿ, ನಿಮ್ಮ ಡೆಕ್‌ನಲ್ಲೇ ಸಿಗುತ್ತವೆ. ಸ್ಲೈಡ್ ಏನನ್ನು ಹೆಮ್ಮೆಯಿಂದ ಹೇಳುತ್ತದೋ ಅಂಗಡಿಯವರ ಅನುಮಾನ ಅಲ್ಲೇ ಹುಟ್ಟೋದು. "ಪೂರ್ತಿ ಕ್ಲೌಡ್" ಅಂತ ಇದ್ದರೆ "ನೆಟ್ ಹೋದ್ರೆ?" ಅಂತಾರೆ. "ಸುಲಭವಾಗಿ ಬದಲಾಯಿಸಿ" ಅಂತ ಇದ್ದರೆ "ನನ್ನ ಮೂರು ಸಾವಿರ ಐಟಂ ಯಾರು ಹಾಕ್ತಾರೆ?" ಅಂತಾರೆ.

ನೆಟ್ ವಿಷಯದಲ್ಲಿ ನಾನು ಪಾಠ ಕಲಿತಿದ್ದೇನೆ. ಒಬ್ಬರಿಗೆ "ಏನೂ ತೊಂದರೆ ಆಗಲ್ಲ ಸರ್" ಅಂದುಬಿಟ್ಟೆ. ಒಂದು ಸಂಜೆ ಮಳೆಗೆ ನೆಟ್ ಹೋಯ್ತು. ಕೌಂಟರ್ ತುಂಬಾ ಜನ, ಅವರು ಕೈಯಲ್ಲಿ ಬಿಲ್ ಬರೆದರು. ಮಾರನೇ ದಿನವೇ ದುಡ್ಡು ವಾಪಸ್ ಕೇಳಿದರು, ಕೇಳಿದ್ದು ಸರಿಯಾಗೇ ಇತ್ತು. ಆಮೇಲೆ ತಾಂತ್ರಿಕ ತಂಡದ ಜೊತೆ ಕೂತು, ನೆಟ್ ಇಲ್ಲದಾಗ ಏನು ನಡೆಯುತ್ತದೆ, ಏನು ನಡೆಯಲ್ಲ ಅಂತ ಕೇಳಿ ಬರೆದುಕೊಂಡೆ. ಹೊಸ ಉತ್ತರ ಹೀಗಾಯ್ತು: "ನೆಟ್ ಹೋದ್ರೂ ಬಿಲ್ ಆಗುತ್ತೆ ಸರ್, ನೆಟ್ ಬಂದ ಮೇಲೆ ತಾನೇ ಸೇರಿಕೊಳ್ಳುತ್ತೆ. ಆದ್ರೆ ಆ ಹೊತ್ತಲ್ಲಿ ಮನೆಯಿಂದ ಮೊಬೈಲ್‌ನಲ್ಲಿ ನೋಡಿದ್ರೆ ಹೊಸ ಬಿಲ್ ಕಾಣಿಸಲ್ಲ. ಡೆಮೊದಲ್ಲಿ ವೈಫೈ ಆಫ್ ಮಾಡಿ ತೋರಿಸ್ತೀನಿ." ಏನು ಆಗಲ್ಲ ಅನ್ನೋದನ್ನೂ ಹೇಳಿದ್ದಕ್ಕೆ ಜನ ನಂಬಿದರು. ನಿಮ್ಮ ಸಾಫ್ಟ್‌ವೇರ್ ಬೇರೆ ತರಹ ಇದ್ದರೆ ಇರೋದನ್ನೇ ಬರೆಯಿರಿ.

ಹಳೆ ಸ್ಟಾಕ್ ಬಗ್ಗೆ ಕೇಳಿದರೆ "ನಾವೇ ಮಾಡಿಕೊಡ್ತೀವಿ" ಅಂತ ಹಾರಿಸಬೇಡಿ. ಈಗಿನ ಸಾಫ್ಟ್‌ವೇರ್‌ನಿಂದ ಎಕ್ಸೆಲ್ ಫೈಲ್ ಬರುತ್ತಾ ಅಂತ ಮೊದಲು ಕೇಳಿ. ಅದರಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ, ಎಂಆರ್‌ಪಿ ಮೂರೂ ಇರಬೇಕು. ಬ್ಯಾಚ್ ಇಲ್ಲದಿದ್ದರೆ ರ‍್ಯಾಕ್ ನೋಡಿಯೇ ತುಂಬಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಇದನ್ನು ಕಾಲ್‌ನಲ್ಲೇ ಹೇಳಿಬಿಡಿ.

"ವಾಟ್ಸಾಪ್‌ನಲ್ಲಿ ಕಳಿಸಿ" ಅನ್ನೋದು ಬಹುತೇಕ ಫೋನ್ ಇಡೋ ದಾರಿ. ಪೂರ್ತಿ ಡೆಕ್ ಕಳಿಸಿದರೆ ಯಾರೂ ತೆರೆಯುವುದಿಲ್ಲ. ನಾನು ಹೇಳುತ್ತಿದ್ದದ್ದು: "ಕಳಿಸ್ತೀನಿ ಸರ್. ಎಕ್ಸ್‌ಪೈರಿದು ಕಳಿಸ್ಲಾ, ಎಚ್1 ರಿಜಿಸ್ಟರ್‌ದಾ?" ಒಂದನ್ನು ಆರಿಸಿದರೆ ಮಾತು ಮುಂದುವರೀತದೆ. ಆ ಒಂದೇ ಸ್ಲೈಡ್ ಕಳಿಸಿ, ಮಧ್ಯಾಹ್ನ ಮೂರಕ್ಕೆ ಮತ್ತೆ ಕಾಲ್ ಮಾಡ್ತೀನಿ ಅಂತ ಸಮಯ ಹೇಳುತ್ತಿದ್ದೆ. ಬೆಳಿಗ್ಗೆ ಮತ್ತು ಸಂಜೆ ಡಾಕ್ಟರ್ ಇರೋ ಹೊತ್ತು, ಅಂಗಡಿಯಲ್ಲಿ ರಶ್ ಅಲ್ವಾ.

"ರೇಟು ಜಾಸ್ತಿ ಆಯ್ತು" ಅಂದಾಗ ತಕ್ಷಣ ಡಿಸ್ಕೌಂಟ್ ಕೊಡಬೇಡಿ. ಬರೆದುಕೊಂಡ ಅಂಕಿ ಈಗ ಬೇಕು. "ಮೂರು ತಿಂಗಳಿಗೆ ನಾಲ್ಕು ಸಾವಿರ ಅಂದ್ರಿ ಸರ್, ವರ್ಷಕ್ಕೆ ಹದಿನಾರು ಸಾವಿರ. ಸಾಫ್ಟ್‌ವೇರ್ ವರ್ಷಕ್ಕೆ ಒಂಬತ್ತು ಸಾವಿರ. ಪೂರ್ತಿ ಉಳಿಯುತ್ತೆ ಅನ್ನಲ್ಲ. ಮುಕ್ಕಾಲು ಉಳಿದ್ರೂ ಹನ್ನೆರಡು ಸಾವಿರ." ಲೆಕ್ಕ ಅವರದ್ದೇ ಆದ್ದರಿಂದ ಜಗಳ ಇರುವುದಿಲ್ಲ. ಅವರು ಹೇಳಿದ ಅಂಕಿ ವರ್ಷಕ್ಕೆ ಎರಡು ಸಾವಿರ ಅಂತಾದರೆ ಈ ಲೆಕ್ಕ ಎತ್ತಲೇಬೇಡಿ. ಎಚ್1 ಕಡೆ ಹೋಗಿ. ಎಚ್1 ಪಟ್ಟಿಯ ಔಷಧ ಮಾರಿದಾಗ ಡಾಕ್ಟರ್ ಹೆಸರು, ರೋಗಿಯ ಹೆಸರು, ಪ್ರಮಾಣ ಬೇರೆ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಡಬೇಕು. "ಆ ರಿಜಿಸ್ಟರ್ ಯಾರು ಬರೀತಾರೆ ಸರ್, ಯಾವಾಗ?" ಅಂತ ಕೇಳಿ. ಅಲ್ಲೂ ತೊಂದರೆ ಇಲ್ಲ ಅಂದರೆ ಆ ಅಂಗಡಿಗೆ ನಿಮ್ಮ ಸಾಫ್ಟ್‌ವೇರ್ ಈಗ ಬೇಡ. ಥ್ಯಾಂಕ್ಸ್ ಹೇಳಿ ಇಡಿ.

ಬರೆದಾದ ಮೇಲೆ ಜೋರಾಗಿ ಓದಿ. ಉಸಿರು ಕಟ್ಟುವ ವಾಕ್ಯ ಇದ್ದರೆ ಮುರಿಯಿರಿ. ಮೊದಲ ಇಪ್ಪತ್ತು ಕಾಲ್‌ನಲ್ಲಿ ಅವರು ಆಡಿದ ಮಾತನ್ನು ಅವರದ್ದೇ ಪದದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. "ಡೇಟಾ ಮೈಗ್ರೇಶನ್" ಅಂತ ನನಗೆ ಯಾರೂ ಕೇಳಲಿಲ್ಲ, "ಹಳೇ ಮಾಲು ಹೆಂಗೆ ಏರಿಸೋದು" ಅಂತ ಕೇಳಿದರು. ನನ್ನ ಸ್ಕ್ರಿಪ್ಟ್‌ನಲ್ಲಿ ಆ ತಕರಾರಿನ ಮೇಲೆ ಈಗಲೂ ಅದೇ ತಲೆಬರಹ ಇದೆ.