ಚಿಪ್ಸ್, ಕಪ್ಪಾದ ಟೋಸ್ಟ್ ಮತ್ತು ಅಕ್ರಿಲಮೈಡ್

ಪ್ರಶ್ನೆ: ಟೋಸ್ಟ್ ಮಾಡಿದ ಬ್ರೆಡ್, ಎಣ್ಣೆಯಲ್ಲಿ ಕರಿದ ತಿಂಡಿ, ಕೆಂಡದ ಮೇಲೆ ಸುಟ್ಟ ಮಾಂಸ ತಿಂದರೆ ಕ್ಯಾನ್ಸರ್ ಬರುತ್ತದೆ ಎನ್ನುತ್ತಾರೆ. ಇದು ನಿಜವೇ ಅಥವಾ ಸುಮ್ಮನೆ ಹೆದರಿಸುವ ಮಾತೇ?

ಬ್ರೆಡ್ಡು ಮತ್ತು ಆಲೂಗಡ್ಡೆಯ ವಿಚಾರ ಒಂದು, ಸುಟ್ಟ ಮಾಂಸದ ವಿಚಾರ ಇನ್ನೊಂದು. ಎರಡರಲ್ಲೂ ಉಂಟಾಗುವ ರಾಸಾಯನಿಕಗಳೇ ಬೇರೆ. ಹೆಚ್ಚು ಗೊಂದಲ ಇರುವುದು ಮೊದಲನೆಯದರಲ್ಲಿ, ಆದ್ದರಿಂದ ಅದನ್ನೇ ವಿವರವಾಗಿ ಬರೆಯುತ್ತೇನೆ.

ಬ್ರೆಡ್ಡು, ಆಲೂಗಡ್ಡೆಗಳಲ್ಲಿ ಉಂಟಾಗುವ ರಾಸಾಯನಿಕದ ಹೆಸರು ಅಕ್ರಿಲಮೈಡ್. ಅದು ಆಹಾರದಲ್ಲಿದೆ ಎಂಬುದು ಗೊತ್ತಾದದ್ದು ಒಂದು ಸುರಂಗದಿಂದ. 1997ರಲ್ಲಿ ಸ್ವೀಡನ್ನಿನ ಹಲ್ಲಾಂಡ್ಸೋಸ್ ಎಂಬಲ್ಲಿ ರೈಲು ಸುರಂಗದ ಬಿರುಕು ಮುಚ್ಚಲು ಬಳಸಿದ ರಾಸಾಯನಿಕದಿಂದ ಅಕ್ರಿಲಮೈಡ್ ಸೋರಿ ನೀರಿಗೆ ಸೇರಿ, ಮೀನುಗಳು ಸತ್ತವು, ದನಗಳಿಗೆ ಪಾರ್ಶ್ವವಾಯು ಬಡಿಯಿತು. ಕೆಲಸಗಾರರ ರಕ್ತ ಪರೀಕ್ಷಿಸಿದ ವಿಜ್ಞಾನಿಗಳಿಗೆ, ಹೋಲಿಕೆಗೆಂದು ಆರಿಸಿಕೊಂಡಿದ್ದ, ಸುರಂಗದ ಹತ್ತಿರವೂ ಸುಳಿಯದ ಜನರ ರಕ್ತದಲ್ಲಿಯೂ ಅದರ ಗುರುತು ಸಿಕ್ಕಿತು. ಅದರ ಮೂಲ ಹುಡುಕುತ್ತಾ ಹೋಗಿ, ಹುರಿದ ಮೇವು ತಿಂದ ಇಲಿಗಳಲ್ಲಿ ಈ ಗುರುತು ಹೆಚ್ಚುವುದನ್ನು ಕಂಡರು. 2002ರಲ್ಲಿ ಚಿಪ್ಸ್, ಬ್ರೆಡ್ ಮುಂತಾದವುಗಳಲ್ಲಿ ಅಕ್ರಿಲಮೈಡ್ ಇದೆ ಎಂದು ಪ್ರಕಟಿಸಿದರು. ಹಾಗೆಂದರೆ ಇದು ಹೊಸ ಕಲಬೆರಕೆಯಲ್ಲ. ಮನುಷ್ಯ ರೊಟ್ಟಿ ಸುಡಲು ಕಲಿತಾಗಿನಿಂದಲೂ ತಿನ್ನುತ್ತಾ ಬಂದದ್ದು.

ಆಲೂಗಡ್ಡೆಯಲ್ಲಿ ಮತ್ತು ಧಾನ್ಯಗಳಲ್ಲಿ ಇರುವ ಆಸ್ಪರಜಿನ್ ಎಂಬ ಅಮೈನೋ ಆಮ್ಲವು ಗ್ಲೂಕೋಸ್, ಫ್ರಕ್ಟೋಸ್‌ನಂತಹ ಸಕ್ಕರೆಗಳೊಡನೆ ಸುಮಾರು 120 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ವರ್ತಿಸಿದಾಗ ಅಕ್ರಿಲಮೈಡ್ ಉಂಟಾಗುತ್ತದೆ. ನೀರಿರುವ ತನಕ ಪದಾರ್ಥದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುವುದರಿಂದ ಇಡ್ಲಿ, ಮುದ್ದೆ, ಬೇಯಿಸಿದ ಆಲೂಗಡ್ಡೆಗಳಲ್ಲಿ ಅದು ಬಹುತೇಕ ಇರುವುದಿಲ್ಲ. ಮೇಲ್ಮೈ ಒಣಗಿ ಕಂದು ಬಣ್ಣಕ್ಕೆ ತಿರುಗತೊಡಗಿದಾಗ ಅದು ಏರುತ್ತದೆ.

ಅಪಾಯದ ಲೆಕ್ಕ ಹೀಗಿದೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲೇ ಇದನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. ಆ ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಎಂಬುದನ್ನಷ್ಟೇ. ಎಷ್ಟು ತಿಂದರೆ ಎಷ್ಟು ಅಪಾಯ ಎಂಬುದನ್ನಲ್ಲ. ಅದನ್ನು ಅಳೆಯಲು ಹೊರಟ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ, ಪ್ರಾಣಿಗಳಲ್ಲಿ ಗಡ್ಡೆಗಳು ಅಲ್ಪ ಪ್ರಮಾಣದಲ್ಲಿ, ಆದರೆ ಅಳೆಯಬಹುದಾದಷ್ಟು ಹೆಚ್ಚತೊಡಗುವ ಮಟ್ಟವನ್ನು ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 170 ಮೈಕ್ರೋಗ್ರಾಂ ಎಂದು ಇಟ್ಟುಕೊಂಡಿತು. ಈಗ 60 ಕಿಲೋ ತೂಕದ ಒಬ್ಬರು, ಕಿಲೋಗೆ 500 ಮೈಕ್ರೋಗ್ರಾಂ ಅಕ್ರಿಲಮೈಡ್ ಇರುವ ಫ್ರೆಂಚ್ ಫ್ರೈಸ್ ಅನ್ನು 100 ಗ್ರಾಂ ತಿಂದರು ಎಂದುಕೊಳ್ಳಿ. ಅವರ ಹೊಟ್ಟೆಗೆ ಹೋದದ್ದು 50 ಮೈಕ್ರೋಗ್ರಾಂ, ಅಂದರೆ ಕಿಲೋಗೆ ಸುಮಾರು 0.8. ಪ್ರಾಣಿಗಳ ಮಟ್ಟಕ್ಕಿಂತ ಇದು ಸುಮಾರು 200 ಪಟ್ಟು ಕಡಿಮೆ. ಇನ್ನೂರು ಪಟ್ಟು ಎಂದರೆ ಸಾಲದೇ ಎನ್ನಿಸಬಹುದು. ಆದರೆ ವಂಶವಾಹಿಗೆ ಹಾನಿ ಮಾಡುವ ವಸ್ತುಗಳ ವಿಷಯದಲ್ಲಿ ತಜ್ಞರು ನಿಶ್ಚಿಂತರಾಗಲು ಬಯಸುವುದು 10,000 ಪಟ್ಟು ಅಂತರವನ್ನು. ಹಾಗಾಗಿಯೇ ಪ್ರಾಧಿಕಾರ ಇದನ್ನು ಕಳವಳದ ವಿಷಯ ಎಂದಿತು.

ಮನುಷ್ಯರ ಮೇಲೆ ವರ್ಷಗಟ್ಟಲೆ ನಡೆದ ದೊಡ್ಡ ಅಧ್ಯಯನಗಳಲ್ಲಿ ಮಾತ್ರ ಆಹಾರದ ಅಕ್ರಿಲಮೈಡಿಗೂ ಕ್ಯಾನ್ಸರಿಗೂ ಸ್ಥಿರವಾದ ನಂಟು ಕಂಡುಬಂದಿಲ್ಲ. ಅಲ್ಲಲ್ಲಿ ಗರ್ಭಕೋಶ, ಅಂಡಾಶಯದ ಕ್ಯಾನ್ಸರಿನ ಸುಳಿವು ಸಿಕ್ಕಿತಾದರೂ ಬೇರೆ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಇದಕ್ಕೆ ಅಪಾಯ ಸಣ್ಣದಾಗಿರುವುದು ಒಂದು ಕಾರಣವಿರಬಹುದು. ಒಂದೇ ಹೆಸರಿನ ಚಿಪ್ಸ್‌ನಲ್ಲೂ ತಳಿ, ದಾಸ್ತಾನು, ಕರಿದ ರೀತಿಗೆ ತಕ್ಕಂತೆ ಪ್ರಮಾಣ ಹಲವು ಪಟ್ಟು ಬದಲಾಗುವುದರಿಂದ, ಏನು ತಿಂದಿರಿ ಎಂದು ಕೇಳಿ ತಿಳಿದ ಲೆಕ್ಕ ಒರಟಾಗಿಯೇ ಇರುತ್ತದೆ ಎಂಬುದು ಇನ್ನೊಂದು. ಅಂದಹಾಗೆ, ಬೀಡಿ ಸಿಗರೇಟು ಸೇದುವವರ ರಕ್ತದಲ್ಲಿ ಅಕ್ರಿಲಮೈಡಿನ ಗುರುತು ಸೇದದವರಿಗಿಂತ ಹಲವು ಪಟ್ಟು ಹೆಚ್ಚು. ಅಂಥವರು ಟೋಸ್ಟಿನ ಬಗ್ಗೆ ಚಿಂತಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಮಾಂಸವನ್ನು ಸುಟ್ಟಾಗ ಅದರ ಕ್ರಿಯಾಟಿನ್ ಮತ್ತು ಅಮೈನೋ ಆಮ್ಲಗಳಿಂದ ಹೆಟೆರೋಸೈಕ್ಲಿಕ್ ಅಮೀನ್‌ಗಳೆಂಬ, ಕ್ಯಾನ್ಸರಿನ ಶಂಕೆಯಿರುವ ರಾಸಾಯನಿಕಗಳು ಹುಟ್ಟುತ್ತವೆ. ಕೊಬ್ಬು ಕೆಂಡದ ಮೇಲೆ ಬಿದ್ದಾಗ ಏಳುವ ಹೊಗೆಯಿಂದ ಬೆಂಜೋಪೈರೀನ್‌ನಂತಹ ಕ್ಯಾನ್ಸರ್‌ಕಾರಕಗಳು ಮಾಂಸದ ಮೇಲೆ ಅಂಟುತ್ತವೆ. ಕೆಂಪು ಮಾಂಸ ಹೆಚ್ಚು ತಿನ್ನುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚುವುದಕ್ಕೆ ಪುರಾವೆ ಇದೆ, ಆದರೆ ಅದರಲ್ಲಿ ಸುಡುವುದರ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಕಷ್ಟ. ತುಂಡುಗಳನ್ನು ಮೊದಲು ಬೇಯಿಸಿ ಆಮೇಲೆ ಕೆಂಡದ ಮೇಲೆ ಸ್ವಲ್ಪ ಹೊತ್ತು ಇಟ್ಟು, ಕರಕಾದ ಅಂಚನ್ನು ಕತ್ತರಿಸಿ ತೆಗೆದರೆ ಇವೆರಡೂ ಕಡಿಮೆಯಾಗುತ್ತವೆ.

ಆಲೂಗಡ್ಡೆಯ ವಿಷಯದಲ್ಲಿ ನಾನು ನೋಡುವುದು ಸಕ್ಕರೆಯನ್ನು. 2ರಿಂದ 4 ಡಿಗ್ರಿಯ ಶೀತಲ ಗೋದಾಮಿನಲ್ಲಿಟ್ಟ ಗಡ್ಡೆಯಲ್ಲಿ ಸಕ್ಕರೆ ಏರುತ್ತದೆ, ಆದ್ದರಿಂದಲೇ ಚಿಪ್ಸ್ ತಯಾರಕರು ತಮ್ಮ ಗಡ್ಡೆಗಳನ್ನು ಅಷ್ಟು ತಣ್ಣಗಿಡುವುದಿಲ್ಲ. ಕರಿಯುವ ಮೊದಲು ಒಂದು ಬಿಲ್ಲೆಯನ್ನು ಬಾಣಲೆಗೆ ಬಿಟ್ಟು ನೋಡಿ. ಎಣ್ಣೆಯಲ್ಲಿ ನೊರೆ ನಿಲ್ಲುವ ಮೊದಲೇ, ಅಂದರೆ ನೀರು ಇನ್ನೂ ಆರುತ್ತಿರುವಾಗಲೇ, ಅದು ಕಂದಾದರೆ ಆ ಗಡ್ಡೆಯಲ್ಲಿ ಸಕ್ಕರೆ ಹೆಚ್ಚಿದೆ. ಅದನ್ನು ಪಲ್ಯಕ್ಕೋ ಹುಳಿಗೋ ಹಾಕಿ. ಉಳಿದವನ್ನು ಹೆಚ್ಚಿ ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಎಣ್ಣೆಯನ್ನು 175 ಡಿಗ್ರಿ ದಾಟಿಸದೆ ಕರಿದು, ಹೊಂಬಣ್ಣ ಬಂದ ಕೂಡಲೇ ತೆಗೆಯಿರಿ.